ಸ್ಪರ್ಶಬಿಂದು ಎಲ್ಲಿದೆ?

ಶೇರು ಫಂಡಿನ ನಿರೀಕ್ಷಿತ ಗಳಿಕೆ ವರ್ಷಕ್ಕೆ ಶೇ. 14, ಏರಿಳಿತ ಶೇ. 20 ಎಂದಿಟ್ಟುಕೊಳ್ಳಿ. ಚಿನ್ನಕ್ಕೆ ಶೇ. 8 ಮತ್ತು ಶೇ. 10. ಎರಡರ ಚಲನೆಗೂ ಸಂಬಂಧವಿಲ್ಲ. ಬೇರೆ ಬೇರೆ ಪಾಲಿನಲ್ಲಿ ಇವನ್ನು ಬೆರೆಸಿ, ಅಡ್ಡಕ್ಕೆ ಏರಿಳಿತ, ಉದ್ದಕ್ಕೆ ಗಳಿಕೆ ಗುರುತಿಸಿದರೆ ಬಾಗಿದ ಗೆರೆಯೊಂದು ಮೂಡುತ್ತದೆ. ಅದರ ಮೇಲ್ಭಾಗವೇ 1952ರಲ್ಲಿ ಹ್ಯಾರಿ ಮಾರ್ಕೊವಿಟ್ಜ್ ತೋರಿಸಿದ ದಕ್ಷ ಗಡಿ.

ಈಗ ಶೇ. 6 ಕೊಡುವ ಟ್ರೆಷರಿ ಬಿಲ್ ಸೇರಿಸೋಣ. ಅದಕ್ಕೆ ಏರಿಳಿತವಿಲ್ಲ, ಹಾಗಾಗಿ ಅದರ ಜೊತೆ ಯಾವ ಮಿಶ್ರಣ ಬೆರೆಸಿದರೂ ಸಿಗುವುದು ನೇರ ಗೆರೆ. ಇದು ಬಂಡವಾಳ ಹಂಚಿಕೆ ರೇಖೆ. ಅತ್ಯಂತ ಕಡಿದಾದ ರೇಖೆ ಗಡಿಯನ್ನು ಮುಟ್ಟುವ ಜಾಗವೇ ಸ್ಪರ್ಶಬಿಂದು.

ಹುಡುಕುವುದು ಸುಲಭ. ಶೇ. 6ಕ್ಕಿಂತ ಹೆಚ್ಚಿನ ಗಳಿಕೆಯನ್ನು ಏರಿಳಿತದ ವರ್ಗದಿಂದ ಭಾಗಿಸಿ: ಶೇರಿಗೆ 8/400, ಚಿನ್ನಕ್ಕೆ 2/100. ಎರಡೂ 0.02, ಅಂದರೆ ಅರ್ಧರ್ಧ. (ಚಲನೆಗಳಿಗೆ ಸಂಬಂಧವಿದ್ದರೆ ಲೆಕ್ಕ ಇಷ್ಟು ಸರಳವಲ್ಲ.) ಮಿಶ್ರಣದ ಗಳಿಕೆ ಶೇ. 11, ಏರಿಳಿತ ಸುಮಾರು 11.2, ಇಳಿಜಾರು 0.45. ಶೇರೊಂದಕ್ಕೇ ಅದು 0.4, ಚಿನ್ನಕ್ಕೆ ಬರೀ 0.2. ಒಂಟಿಯಾಗಿ ಸೊರಗಿದ ಚಿನ್ನಕ್ಕೆ ಅರ್ಧ ಪಾಲು ಸಿಕ್ಕಿದ್ದು ನನಗೆ ಇಲ್ಲಿನ ಸೊಗಸು.

ಅಂಜುವವರು ಅರ್ಧ ಹಣ ಬಿಲ್‌ನಲ್ಲಿಟ್ಟರೆ ಗಳಿಕೆ ಶೇ. 8.5, ಏರಿಳಿತ 5.6. ಧೈರ್ಯವಂತರು ಬಿಲ್ ಬಿಟ್ಟಾರು. ಆದರೆ ಶೇರು-ಚಿನ್ನದ ಅನುಪಾತ ಇಬ್ಬರಿಗೂ ಒಂದೇ. ಜೇಮ್ಸ್ ಟೋಬಿನ್ 1958ರಲ್ಲಿ ಹೇಳಿದ್ದು ಇದನ್ನೇ. ಸಾಲ ತಂದು ಬಿಂದುವಿನಾಚೆ ಹೋಗಬಹುದು, ಆದರೆ ಸಾಲದ ಬಡ್ಡಿ ಶೇ. 6ಕ್ಕೆ ಸಿಗದು, ಅಲ್ಲಿಂದ ರೇಖೆ ಚಪ್ಪಟೆಯಾಗುತ್ತದೆ.

ತೊಡಕಿರುವುದು ಅಂದಾಜಿನಲ್ಲಿ. ಚಿನ್ನದ ಗಳಿಕೆಯನ್ನು 8ರ ಬದಲು 7 ಎಂದುಕೊಂಡರೆ ಸಾಕು, ಅದರ ಪಾಲು ಅರ್ಧದಿಂದ ಮೂರನೇ ಒಂದಕ್ಕೆ ಕುಸಿಯುತ್ತದೆ.