ಧಾರಾವಿಯ ಡಬ್ಬಿಯೊಳಗೆ ಏನಿದೆ?

ಸಯನ್-ಬಾಂದ್ರಾ ಲಿಂಕ್ ರಸ್ತೆಯ ಚರ್ಮದಂಗಡಿಗಳ ಹಿಂದಿನ ಗಲ್ಲಿಗಳಲ್ಲಿ ಬ್ಯಾಗು, ಬೆಲ್ಟುಗಳಿಗೆ ಅಂಟು ಹಚ್ಚುವವರು ಅದನ್ನು ತೆಳುವಾಗಿಸಲು 'ಥಿನ್ನರ್' ಬೆರೆಸುತ್ತಾರೆ. ಸಣ್ಣ ಕೋಣೆ, ಮುಚ್ಚಿದ ಕಿಟಕಿ, ಡಬ್ಬಿಯ ಮೇಲೆ ಹೆಸರಿಲ್ಲ. ಒಳಗಿರುವುದು ಅಸಿಟೋನ್ ಆದರೆ ಒಂದು ಮಾತು. ಹೆಕ್ಸೇನ್ ಆದರೆ ದಿನವೂ ಉಸಿರಾಡುವವರ ಕೈಕಾಲಿನ ನರಗಳು ಸೋತು ಜೋಮು ಹಿಡಿಯಬಹುದು. ಬೆಂಜೀನ್ ಆದರೆ ರಕ್ತದ ಕ್ಯಾನ್ಸರಿನ ಭಯ.

ನಾನು ಹನ್ನೊಂದನೇ ತರಗತಿಗೆ ರಸಾಯನಶಾಸ್ತ್ರ ಹೇಳಿಕೊಡುವವನು. ವಿದ್ಯಾರ್ಥಿಯೊಬ್ಬ ತಂದೆಯ ಕಾರ್ಖಾನೆಯ ಥಿನ್ನರ್ ತಂದಾಗ, ಫ್ರೆಂಚ್ ವಿಜ್ಞಾನಿ ಡೂಮಾ 1826ರಲ್ಲಿ ತೋರಿಸಿದ ದಾರಿಯಲ್ಲೇ ಅಣುತೂಕ ಅಳೆದೆವು.

ಒಣಗಿದ ಫ್ಲಾಸ್ಕಿಗೆ ಅಲ್ಯುಮಿನಿಯಂ ಹಾಳೆ ಕಟ್ಟಿ, ಸೂಜಿಯಿಂದ ಒಂದು ತೂತು ಮಾಡಿ ತೂಗಿದೆವು: 78.214 ಗ್ರಾಂ. ಮೂರು ಮಿಲಿ ದ್ರವ ಹಾಕಿ, ಕುದಿಯುವ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿಸಿದೆವು. ಒಲೆ ವಿದ್ಯುತ್ತಿನದು, ಗಾಳಿ ಹೊರಗೆಳೆಯುವ ಕಪಾಟಿನೊಳಗೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಆವಿ ಗಾಳಿಯನ್ನು ಹೊರದೂಡಿತು, ಹೆಚ್ಚಾದದ್ದು ತೂತಿನಿಂದ ಹೋಯಿತು. ಕೊನೆಯ ಹನಿ ಮಾಯವಾದಾಗ ಫ್ಲಾಸ್ಕಿನ ತುಂಬ ಬರೀ ಆವಿ. ಟಾಲ್ವೀನ್ ಆಗಿದ್ದರೆ ಹನಿ ಉಳಿದೇ ಇರುತ್ತಿತ್ತು, ಏಕೆಂದರೆ ಅದು ಕುದಿಯುವುದು 111 ಡಿಗ್ರಿಯಲ್ಲಿ. ತಣಿಸಿ, ಹೊರಗಿನ ನೀರನ್ನು ಚೆನ್ನಾಗಿ ಒರೆಸಿ ತೂಗಿದರೆ 78.594. ಅಂದರೆ 0.380 ಗ್ರಾಂ ಹೆಚ್ಚು.

ನೀರು ತುಂಬಿ ಅಳೆದಾಗ ಫ್ಲಾಸ್ಕಿನ ಗಾತ್ರ 0.150 ಲೀಟರ್. ಒತ್ತಡ 1 ಅಟ್ಮಾಸ್ಫಿಯರ್, ಉಷ್ಣತೆ 373 ಕೆಲ್ವಿನ್.

n = PV/RT = (1 × 0.150) / (0.0821 × 373) = 0.0049 ಮೋಲ್

0.380 ಗ್ರಾಮನ್ನು ಇದರಿಂದ ಭಾಗಿಸಿದರೆ 77.6. ಬೆಂಜೀನಿನ ಅಣುತೂಕ 78! ಹುಡುಗ ಹೆದರಿದ.

ಆದರೆ ಲೆಕ್ಕದಲ್ಲಿ ಒಂದು ಗಾಳಿಯ ಪಾಲು ಬಾಕಿ ಇತ್ತು. ಮೊದಲ ತೂಕದಲ್ಲಿ ಫ್ಲಾಸ್ಕಿನ ತುಂಬ ಗಾಳಿಯಿತ್ತು. ತಣಿದ ಮೇಲೆ ಒಳಗಿನ ದ್ರವ ಮತ್ತೆ ಸ್ವಲ್ಪ ಆವಿಯಾಗಿಯೇ ಇರುತ್ತದೆ, ಅಷ್ಟು ಗಾಳಿಗೆ ಒಳಗೆ ಜಾಗ ಸಿಗುವುದಿಲ್ಲ. ಮುಂಬೈಯ 30 ಡಿಗ್ರಿಯಲ್ಲಿ ಹೆಕ್ಸೇನಿನ ಆವಿಯೊತ್ತಡ ಸುಮಾರು ಕಾಲು ಅಟ್ಮಾಸ್ಫಿಯರ್. ಫ್ಲಾಸ್ಕಿನ ಗಾಳಿಯ ತೂಕ 0.175 ಗ್ರಾಂ, ಅದರ ಕಾಲುಭಾಗ 0.044. ಇದನ್ನು ಕೂಡಿಸಿದರೆ ಆವಿಯ ನಿಜವಾದ ತೂಕ 0.424 ಗ್ರಾಂ, ಅಣುತೂಕ 86.5. ಹೆಕ್ಸೇನಿನದು 86. ಬೆಂಜೀನ್ ಎಂದುಕೊಂಡು ಅದರ ಆವಿಯೊತ್ತಡ ಹಾಕಿದರೂ 83ರ ಹತ್ತಿರ ಬರುತ್ತದೆ, 78 ಅಲ್ಲ.

ಈ ಸಂಖ್ಯೆಯೊಂದೇ ಸಾಲದು. ಈಥೈಲ್ ಅಸಿಟೇಟ್ 88, ಅಷ್ಟು ಸೂಕ್ಷ್ಮ ಅಂತರ ಈ ವಿಧಾನಕ್ಕೆ ಸಿಗದು. ಮಿಶ್ರಣವಾದರೆ ಸಿಗುವುದು ಯಾವುದೋ ಸರಾಸರಿ ಮಾತ್ರ. ಅದಕ್ಕೇ ಕುದಿಬಿಂದುವನ್ನೂ ನೋಡಿದೆವು: 68 ಡಿಗ್ರಿ. ಅಸಿಟೇಟ್ ಆಗಿದ್ದರೆ 77 ಇರಬೇಕಿತ್ತು. ಉಳಿದದ್ದು ಹೆಕ್ಸೇನ್.

ಹುಡುಗ ಮನೆಗೆ ಹೋಗಿ ಮೊದಲು ಕಿಟಕಿ ತೆರೆಸಿ, ಆವಿಯನ್ನು ಹೊರಗೆಳೆಯುವ ಫ್ಯಾನ್ ಹಾಕಿಸಿದ. ಈಗ ಅವನ ತಂದೆ ಥಿನ್ನರ್ ಕೊಳ್ಳುವಾಗ ಸುರಕ್ಷತಾ ಮಾಹಿತಿಯ ಹಾಳೆ ಕೇಳುತ್ತಾರೆ.