3.1ಕ್ಕೆ ನಿಂತ ಚಿಪ್, 3.2 ಕೇಳಿದ ಆಟ

2021ರ ಜೂನ್ 8ರಂದು ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ 1.17 ಬಂತು. ಅದುವರೆಗೆ ಆ ಆಟವನ್ನು ಆಡಿಸುತ್ತಿದ್ದ ಎಷ್ಟೋ ಹಳೆಯ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಹೊಸದು ಶುರುವಾಗಲೇ ಇಲ್ಲ. ಇಂಟೆಲ್ ಎಚ್‌ಡಿ 3000 ಗ್ರಾಫಿಕ್ಸ್ ಇದ್ದವು ಆ ಪೈಕಿ ಮುಖ್ಯವಾದವು. ಅಂಥ ಕಡೆ ಬರುವ ಸಂದೇಶ ಇದು:

```
GLFW error 65543: WGL: Driver does not support OpenGL version 3.2
```

1.17ರಲ್ಲಿ ಆಟದ ಚಿತ್ರ ಬಿಡಿಸುವ ಭಾಗವನ್ನೇ ಬದಲಿಸಿದ್ದರು. ಓಪನ್‌ಜಿಎಲ್‌ನ ಹಳೆಯ ಸಿದ್ಧ ವಿಧಾನಗಳನ್ನು ಬಿಟ್ಟು, ಎಲ್ಲವನ್ನೂ ಶೇಡರ್ ಎಂಬ ಪುಟ್ಟ ಪ್ರೋಗ್ರಾಂಗಳಿಗೆ ವಹಿಸಲಾಯಿತು. ಆ ಶೇಡರ್‌ಗಳ ಮೊದಲ ಸಾಲು `#version 150`. ಅದು ಓಪನ್‌ಜಿಎಲ್ 3.2ರ ಜೊತೆಗೆ ಬಂದ ಭಾಷಾ ಆವೃತ್ತಿ. ಹಾಗಾಗಿ ಆಟ ಕಿಟಕಿ ತೆರೆಯುವಾಗಲೇ ಡ್ರೈವರ್ ಬಳಿ 3.2 ಕೇಳುತ್ತದೆ. ಇಲ್ಲವೆಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲುತ್ತದೆ.

ಓಪನ್‌ಜಿಎಲ್ 3.2 ಹೊರಬಂದದ್ದು 2009ರ ಆಗಸ್ಟ್‌ನಲ್ಲಿ, ಎಚ್‌ಡಿ 3000 ಬಂದದ್ದು 2011ರ ಜನವರಿಯಲ್ಲಿ. ಚಿಪ್ಪೇ ಹೊಸದು. 3.2ರ ಮುಖ್ಯ ಸೇರ್ಪಡೆಯಾದ ಜಿಯಾಮೆಟ್ರಿ ಶೇಡರ್ ನಡೆಸುವ ಶಕ್ತಿಯೂ ಅದಕ್ಕಿತ್ತು. ವಿಂಡೋಸ್‌ನ ಡೈರೆಕ್ಟ್‌3ಡಿ 10.1ರಲ್ಲಿ ಅದು ಆ ಕೆಲಸ ಮಾಡುತ್ತಲೇ ಇತ್ತು. ಆದರೆ ಇಂಟೆಲ್ ತನ್ನ ವಿಂಡೋಸ್ ಡ್ರೈವರ್‌ನಲ್ಲಿ ಓಪನ್‌ಜಿಎಲ್ಲನ್ನು 3.1ಕ್ಕೆ ನಿಲ್ಲಿಸಿತು. ಮುಂದೆ ವಿಂಡೋಸ್ 10 ಬಂದಾಗ ಈ ಚಿಪ್‌ಗೆ ಹೊಸ ಡ್ರೈವರ್ ಕೊಡಲೂ ಇಲ್ಲ.

ಅದೇ ಚಿಪ್ ಇದ್ದ 2011ರ ಮ್ಯಾಕ್‌ಗಳಿಗೆ ಆ್ಯಪಲ್‌ನ ಲಯನ್ ವ್ಯವಸ್ಥೆ 3.2 ಒದಗಿಸಿತು. ಲಿನಕ್ಸ್‌ನ ಮೆಸಾ ಡ್ರೈವರ್‌ನಲ್ಲಿ ಕೊರತೆಯಿದ್ದ ಜಿಯಾಮೆಟ್ರಿ ಶೇಡರನ್ನು ಇಗಾಲಿಯಾ ಸಂಸ್ಥೆಯ ಎಂಜಿನಿಯರುಗಳು 2014ರಲ್ಲಿ ಬರೆದು ಸೇರಿಸಿದರು. ಅಲ್ಲಿ ಎಚ್‌ಡಿ 3000 ಈಗ 3.3 ತೋರಿಸುತ್ತದೆ. ಆವೃತ್ತಿಯ ಅಂಕಿಯನ್ನು ಹೇಳುವುದು ಡ್ರೈವರ್ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. ದುಡಿಯಬಲ್ಲ ಯಂತ್ರವೊಂದು ಬರೆಯದೆ ಉಳಿದ ಡ್ರೈವರ್‌ನಿಂದಾಗಿ ಮೂಲೆ ಸೇರಿದ್ದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಎಲ್ಲ ಹಳೆಯ ಚಿಪ್‌ಗಳ ಕಥೆ ಹೀಗಲ್ಲ. ಇಂಟೆಲ್ ಜಿಎಂಎ 950 ತಯಾರಾಗಿದ್ದೇ ಓಪನ್‌ಜಿಎಲ್ 1.4ರ ಮಟ್ಟಕ್ಕೆ. ಅದರಿಂದ 3.2 ಹೊರಡಿಸಲು ಯಾವ ಡ್ರೈವರ್‌ಗೂ ಆಗದು.

ದೋಷದ ಅಂಕಿಯನ್ನು ಗಮನಿಸಿ ನೋಡಬೇಕು. 65543 ಅಂದರೆ ಡ್ರೈವರ್ ಇದೆ, ಕೇಳಿದ ಆವೃತ್ತಿ ಅದರಲ್ಲಿಲ್ಲ. 65542 ಬಂದರೆ ಸಾಮಾನ್ಯವಾಗಿ ತಯಾರಕರ ಡ್ರೈವರೇ ಇಲ್ಲ. ವಿಂಡೋಸ್ ತನ್ನದೇ ಹಳೆಯ 1.1 ಓಪನ್‌ಜಿಎಲ್‌ನಿಂದ ಕೆಲಸ ಸಾಗಿಸುತ್ತಿದೆ. ಎರಡನೆಯದಕ್ಕೆ ಸರಿಯಾದ ಡ್ರೈವರ್ ಹಾಕಿದರೆ ಪರಿಹಾರ ಸಿಗಬಹುದು. ಲಿನಕ್ಸ್‌ನಲ್ಲಿ ಡ್ರೈವರ್ ಹೇಳುವ ಓಪನ್‌ಜಿಎಲ್ ಆವೃತ್ತಿ ತಿಳಿಯಲು ಈ ಆಜ್ಞೆ ಸಾಕು:

```
glxinfo | grep "core profile version"
```

ವಿಂಡೋಸ್‌ನಲ್ಲೇ ಉಳಿಯಬೇಕೆನ್ನುವ ಎಚ್‌ಡಿ 3000 ಮಾಲೀಕರು ಲಾಂಚರ್‌ನಲ್ಲಿ 1.16.5 ಆರಿಸಿಕೊಂಡು ಆಡಬಹುದು, ಆದರೆ ಹೊಸ ಆವೃತ್ತಿಯನ್ನಷ್ಟೇ ಒಪ್ಪುವ ಸರ್ವರ್‌ಗಳಿಗೆ ಸೇರಲಾಗದು. ಮೆಸಾದ ಎಲ್‌ಎಲ್‌ವಿಎಂಪೈಪ್ ಬಳಸಿ ಚಿತ್ರದ ಕೆಲಸವನ್ನೆಲ್ಲ ಪ್ರೊಸೆಸರ್ ಮೇಲೆ ಹೊರಿಸಿದರೆ ಹೊಸ ಆಟವೂ ತೆರೆಯುತ್ತದೆ. ಆ ಕಾಲದ ಪ್ರೊಸೆಸರ್‌ನಲ್ಲಿ ಅದು ತಡೆತಡೆದು ಸಾಗುತ್ತದೆ, ಆಡುವಂತಿರುವುದಿಲ್ಲ.