ಸರ್ಟಿಫಿಕೇಷನ್ ಏಣಿ: ಛೇದದಲ್ಲಿ ಯಾರ್‍ಯಾರಿದ್ದಾರೆ?

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಅಪ್ರೈಸಲ್ ಹತ್ತಿರವಾದಂತೆ ಎಚ್‌ಆರ್ ವಿಭಾಗದಿಂದ ಒಂದು ಎಕ್ಸೆಲ್ ಶೀಟ್ ಹೊರಡುತ್ತದೆ. ಸರ್ಟಿಫಿಕೇಷನ್ ಮುಗಿಸಿದವರಿಗೆ ಹಸಿರು, ಮುಗಿಸದವರಿಗೆ ಕೆಂಪು. ಕೆಂಪಿನಲ್ಲಿ ಓದದೆ ಬಿಟ್ಟವರೂ ಇರುತ್ತಾರೆ, ಹೆರಿಗೆ ರಜೆಯಿಂದ ಈಗಷ್ಟೇ ಮರಳಿದವರೂ ಇರುತ್ತಾರೆ, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವರೂ ಇರುತ್ತಾರೆ. ಶೀಟಿನಲ್ಲಿ ಮಾತ್ರ ಮೂವರೂ ಒಂದೇ. ಈ ಅನ್ಯಾಯ ಕಣ್ಣಿಗೆ ಬೀಳುವುದು ಲೆಕ್ಕ ಹಾಕುವಾಗ. ಅದರ ಬೇರು ಇರುವುದು ಏಣಿ ಕಟ್ಟಿದ ರೀತಿಯಲ್ಲಿ.

ಅಮೆಜಾನ್ ವೆಬ್ ಸರ್ವೀಸಸ್, ಅಂದರೆ ಎಡಬ್ಲ್ಯುಎಸ್ ಮೇಲೆ ಕೆಲಸ ಮಾಡುವ 20 ಜನರ ಸಪೋರ್ಟ್ ತಂಡವೊಂದನ್ನು ಊಹಿಸಿಕೊಳ್ಳೋಣ. ಎಡಬ್ಲ್ಯುಎಸ್ ಪರೀಕ್ಷೆಗಳಲ್ಲಿ ಬುಡದಲ್ಲಿರುವುದು ಕ್ಲೌಡ್ ಪ್ರಾಕ್ಟಿಷನರ್, ಅದರ ಮೇಲೆ ಅಸೋಸಿಯೇಟ್, ಇನ್ನೂ ಮೇಲೆ ಪ್ರೊಫೆಷನಲ್. ಎಲ್ಲರೂ ಬುಡದಿಂದಲೇ ಹತ್ತಬೇಕು ಎಂಬ ನಿಯಮ ಹಲವು ಕಂಪನಿಗಳಲ್ಲಿದೆ. ಆದರೆ ಕೆಳಗಿನದು ಪಾಸಾದರೆ ಮಾತ್ರ ಮೇಲಿನದು ಎಂಬ ಷರತ್ತನ್ನು ಎಡಬ್ಲ್ಯುಎಸ್ 2018ರಲ್ಲೇ ಕೈಬಿಟ್ಟಿದೆ. ಐದು ವರ್ಷದಿಂದ ಸರ್ವರ್ ನೋಡಿಕೊಳ್ಳುತ್ತಿರುವ ಇಂಜಿನಿಯರ್‌ನನ್ನು ಪ್ರಾಕ್ಟಿಷನರ್ ಪರೀಕ್ಷೆಗೆ ಕೂರಿಸಿದರೆ ಶೀಟಿನಲ್ಲಿ ಒಂದು ಹಸಿರು ಹೆಚ್ಚುತ್ತದೆ, ಅಷ್ಟೇ.

ಹಾಗಾಗಿ ಮ್ಯಾನೇಜರ್ ಮೊದಲು ತೆರೆಯಬೇಕಾದದ್ದು ಪರೀಕ್ಷೆಗಳ ಪಟ್ಟಿಯನ್ನಲ್ಲ, ಕಳೆದ ಆರು ತಿಂಗಳ ಟಿಕೆಟ್‌ಗಳನ್ನು. ಬಿಲ್ಲಿಂಗ್ ಪ್ರಶ್ನೆಗೆ ಉತ್ತರಿಸುವವರಿಗೆ ಪ್ರಾಕ್ಟಿಷನರ್ ಸಾಕು. ಸರ್ವರ್, ಬ್ಯಾಕಪ್ ನೋಡುವವರಿಗೆ ಅಸೋಸಿಯೇಟ್ ಬೇಕು. ಪ್ರೊಫೆಷನಲ್ ಮೆಟ್ಟಿಲು ಹೊಸ ವ್ಯವಸ್ಥೆಗಳ ವಿನ್ಯಾಸ ಮಾಡುವ ಇಬ್ಬರು ಮೂವರಿಗಿದ್ದರೆ ಸಾಕು. ಉಳಿದವರು ಅದನ್ನು ಹತ್ತದಿದ್ದರೆ ಅದು ಹಿಂದುಳಿದಂತಲ್ಲ.

ಪ್ರತಿ ಮೆಟ್ಟಿಲಿಗೂ ಪರೀಕ್ಷೆಯ ಜೊತೆ ಕೈಕೆಲಸವೂ ಒಂದಿರಬೇಕು. ಹಿರಿಯ ಇಂಜಿನಿಯರ್ ಎದುರು ಒಂದು ಡೇಟಾಬೇಸನ್ನು ಬ್ಯಾಕಪ್‌ನಿಂದ ಪರೀಕ್ಷಾ ಸರ್ವರಿಗೆ ಮರಳಿ ತರುವುದು ಅಂಥದ್ದು. ಸೋರಿಕೆಯಾದ ಪ್ರಶ್ನೆಗಳನ್ನು ಮಾರುವ ತಾಣಗಳು ಬೇಕಾದಷ್ಟಿವೆ. ಉರು ಹೊಡೆದು ಪಾಸಾದವರು ಯಾರೆಂಬುದು ಇಲ್ಲಿ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಇನ್ನು ಲೆಕ್ಕ. ವರ್ಷದ ಕೊನೆಗೆ ಈ ತಂಡದಲ್ಲಿ 9 ಜನ ಅಸೋಸಿಯೇಟ್ ಮುಗಿಸಿದ್ದಾರೆ ಎಂದುಕೊಳ್ಳೋಣ. 20ಕ್ಕೆ 9, ಅಂದರೆ ಶೇ 45. ಮೇಲಧಿಕಾರಿಗೆ ಹೋಗುವುದು ಸಾಮಾನ್ಯವಾಗಿ ಈ ಅಂಕಿಯೇ. ಆದರೆ ಆ 20ರಲ್ಲಿ ನಾಲ್ವರು ಸೇರಿ ಮೂರು ತಿಂಗಳೂ ಆಗಿಲ್ಲ, ಇಬ್ಬರು 26 ವಾರಗಳ ಹೆರಿಗೆ ರಜೆಯಲ್ಲಿದ್ದರು. ಎಲ್ಲರಿಗೂ ಒಂದೇ ಗಡುವು ಕೊಡುವ ಬದಲು, ಮೆಟ್ಟಿಲು ಗೊತ್ತುಮಾಡಿದ ದಿನದಿಂದ ಪ್ರತಿಯೊಬ್ಬರಿಗೂ ಒಂಬತ್ತು ತಿಂಗಳು ಕೊಡಬೇಕು. ದೀರ್ಘ ರಜೆಯಲ್ಲಿ ಆ ಗಡಿಯಾರ ನಿಲ್ಲಬೇಕು. ಆಗ ಅವಧಿ ಮುಗಿದವರು 14 ಜನ ಮಾತ್ರ. ಅವರಲ್ಲಿ 9 ಎಂದರೆ ಸುಮಾರು ಶೇ 64. ಉಳಿದ ಆರು ಮಂದಿಯ ಸಾಲು ಕೆಂಪಲ್ಲ, ‘ಅವಧಿ ಬಾಕಿ’.

ಇಷ್ಟಕ್ಕೇ ನಿಲ್ಲಿಸಿದರೂ ಮುಖ್ಯ ವಿಷಯ ಕೈತಪ್ಪುತ್ತದೆ. ಆ 14 ಜನರನ್ನು ಶಿಫ್ಟ್ ಪ್ರಕಾರ ಬಿಡಿಸಿ ನೋಡಬೇಕು. ಹಗಲು ಪಾಳಿಯ 8 ಜನರಲ್ಲಿ 7 ಮಂದಿ ಪಾಸು, ರಾತ್ರಿ ಪಾಳಿಯ 6 ಜನರಲ್ಲಿ ಇಬ್ಬರೇ. ರಾತ್ರಿಯವರು ಸೋಮಾರಿಗಳು ಎನ್ನುವ ಮೊದಲು ರೋಸ್ಟರ್ ತೆರೆಯಬೇಕು. ವಾರಕ್ಕೆ ನಾಲ್ಕು ಗಂಟೆ ಓದಿಗೆ ಎಂದು ಎಲ್ಲರಿಗೂ ಘೋಷಿಸಿದ್ದರೂ, ತರಗತಿಗಳು ನಡೆದದ್ದು ಮಧ್ಯಾಹ್ನ ಮೂರಕ್ಕೆ, ಅವರು ಮಲಗುವ ಹೊತ್ತಿನಲ್ಲಿ. ಆದ್ದರಿಂದ ಶೀಟಿನಲ್ಲಿ ‘ಮುಗಿದಿದೆಯೇ’ ಎಂಬ ಕಾಲಂ ಪಕ್ಕದಲ್ಲಿ ‘ಓದಿಗೆ ನಿಜವಾಗಿ ಸಿಕ್ಕ ಗಂಟೆಗಳು’ ಎಂಬ ಕಾಲಂ ಇರಲೇಬೇಕು. ಅದು ಖಾಲಿ ಇದ್ದರೆ ಉತ್ತರ ಹೇಳಬೇಕಾದವರು ನೌಕರರಲ್ಲ, ರೋಸ್ಟರ್ ಹಾಕಿದವರು.

ಹಣದ ವಿಷಯವೂ ಹೀಗೆಯೇ. ಅಸೋಸಿಯೇಟ್ ಪರೀಕ್ಷೆಯ ಶುಲ್ಕ 150 ಡಾಲರ್. ಮೊದಲು ಕೈಯಿಂದ ಕಟ್ಟಿ, ಪಾಸಾದ ಮೇಲೆ ಪಡೆದುಕೊಳ್ಳಿ ಎಂದರೆ ಮನೆಗೆ ಹಣ ಕಳಿಸುವ ಹೊಸ ಹುಡುಗ ಪರೀಕ್ಷೆಯನ್ನೇ ಮುಂದೂಡುತ್ತಾನೆ. ಕಂಪನಿಯೇ ವೋಚರ್ ಕೊಟ್ಟು, ಒಮ್ಮೆ ನಪಾಸಾದರೆ ಎರಡನೆಯದನ್ನೂ ಕೊಡುವುದು ಸರಿಯಾದ ಕ್ರಮ. ಮರುಪರೀಕ್ಷೆಗೆ ಹೇಗಿದ್ದರೂ 14 ದಿನ ಕಾಯಬೇಕು. ಗಡುವಿನ ಲೆಕ್ಕದಲ್ಲಿ ಅದಕ್ಕೂ ಜಾಗವಿರಲಿ. ಇಂಗ್ಲಿಷ್ ಮನೆಮಾತಲ್ಲದವರಿಗೆ ಇಂಗ್ಲಿಷ್ ಪರೀಕ್ಷೆಯಲ್ಲಿ 30 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ, ಆದರೆ ಸ್ಲಾಟ್ ಬುಕ್ ಮಾಡುವ ಮೊದಲೇ ಅದನ್ನು ಕೇಳಿಕೊಳ್ಳಬೇಕು. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳುವುದು ಎಚ್‌ಆರ್ ಕೆಲಸ.

ನಪಾಸಾದ ಸಂಗತಿ ಮತ್ತು ಅಂಕಗಳು ತಂಡದ ಮುಂದೆ ಬರಕೂಡದು. ಎಲ್ಲರೂ ನೋಡುವ ಪಟ್ಟಿಯಲ್ಲಿ ‘ನಡೆಯುತ್ತಿದೆ’, ‘ಮುಗಿದಿದೆ’ ಎಂಬ ಎರಡೇ ಸ್ಥಿತಿಗಳು ಸಾಕು. ಮುಗಿದದ್ದಕ್ಕೆ ಸಾಕ್ಷಿಯಾಗಿ ಸ್ಕ್ರೀನ್‌ಶಾಟ್ ಬದಲು ಡಿಜಿಟಲ್ ಬ್ಯಾಡ್ಜ್‌ನ ಲಿಂಕ್ ಇಟ್ಟುಕೊಂಡರೆ ಅವಧಿ ಮುಗಿಯುವ ದಿನವೂ ತಿಳಿಯುತ್ತದೆ. ಈ ಪ್ರಮಾಣಪತ್ರಗಳ ಆಯುಷ್ಯ ಮೂರು ವರ್ಷ. ಆರು ತಿಂಗಳು ಮೊದಲೇ ನೆನಪೋಲೆ ಹೋದರೆ, ಆರ್ಕಿಟೆಕ್ಟ್ ಅಸೋಸಿಯೇಟ್ ಇರುವವರು ಅದನ್ನೇ ಮತ್ತೆ ಬರೆಯುವುದೋ, ಆರ್ಕಿಟೆಕ್ಟ್ ಪ್ರೊಫೆಷನಲ್ ಬರೆಯುವುದೋ ಎಂದು ನಿರ್ಧರಿಸಲು ಸಮಯವಿರುತ್ತದೆ. ಪ್ರೊಫೆಷನಲ್ ಪಾಸಾದರೆ ಕೆಳಗಿನದು ತಾನಾಗಿಯೇ ನವೀಕರಣಗೊಳ್ಳುತ್ತದೆ.